ಅರ್ಧ ಮುಗಿದ ತಾರಸಿ, ಬದಲಾದ ವಾಟರ್‌ಪ್ರೂಫಿಂಗ್ ತಂಡ: ಮನೆಯವರಿಗೆ ತಿಳಿಸುವ ಬಗೆ

ಮನೆ ಕಟ್ಟುವ ಗುತ್ತಿಗೆದಾರ ಎಲ್ಲ ಕೆಲಸವನ್ನೂ ತನ್ನ ಆಳುಗಳಿಂದಲೇ ಮಾಡಿಸುವುದಿಲ್ಲ. ಸೆಂಟ್ರಿಂಗ್, ವೈರಿಂಗ್, ಪ್ಲಂಬಿಂಗ್, ವಾಟರ್‌ಪ್ರೂಫಿಂಗ್ ಎಲ್ಲವೂ ಒಬ್ಬೊಬ್ಬರಿಗೆ ಹಂಚಿಹೋಗಿರುತ್ತವೆ. ನಡುವೆ ಒಬ್ಬ ಉಪಗುತ್ತಿಗೆದಾರ ಬದಲಾಗುವುದು ಅಪರೂಪವೇನಲ್ಲ. ಆದರೆ ವಾಟರ್‌ಪ್ರೂಫಿಂಗ್‌ನವರು ಅರ್ಧಕ್ಕೆ ಬದಲಾದರೆ ತೊಡಕು ಹೆಚ್ಚು, ಯಾಕೆಂದರೆ ಆ ಕೆಲಸ ಮುಗಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಕಾಂಕ್ರೀಟ್ ಹಾಸು ಬರುತ್ತದೆ, ಅದರ ಮೇಲೆ ಟೈಲ್ಸ್ ಬರುತ್ತದೆ. ಎರಡು ಮಳೆಗಾಲ ಕಳೆದು ಸೀಲಿಂಗ್‌ನಲ್ಲಿ ಹಳದಿ ಕಲೆ ಕಂಡಾಗ, ಅದು ಹಳಬರು ಮಾಡಿದ ಭಾಗದ್ದೋ ಹೊಸಬರದ್ದೋ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಇಲ್ಲಿ ಬಿಡಿಸಿಟ್ಟಿರುವುದು ಅಂಥ ಒಂದು ಪ್ರಕರಣ. ಮನೆ ಮತ್ತು ಜನ ಮಾದರಿಗೆಂದು ಇಟ್ಟುಕೊಂಡವರು. ಕೆಲಸದ ಅಳತೆ, ಕ್ರಮ, ತಪ್ಪುಗಳು ಸೈಟಿನಲ್ಲಿ ನಡೆಯುವಂಥವೇ.

ಸಂದರ್ಭ

ಮೈಸೂರಿನ ಹೊರವಲಯದಲ್ಲಿ 40×60 ಸೈಟು. ಮನೆಯ ತಾರಸಿ 30×40 ಅಡಿ, ಅಂದರೆ 1,200 ಚದರ ಅಡಿ. ಮನೆಯೊಡತಿ ಹಾಸನದಲ್ಲಿ ಶಿಕ್ಷಕಿ. ತಿಂಗಳಿಗೆ ಎರಡು ಸಲ ಬಂದು ನೋಡಿಹೋಗುತ್ತಾರೆ, ಮಿಕ್ಕಿದ್ದೆಲ್ಲ ಫೋನಿನಲ್ಲಿ ಬರುವ ಫೋಟೋಗಳ ಮೇಲೆ ನಂಬಿಕೆ. ಗೃಹಪ್ರವೇಶ ಶ್ರಾವಣದಲ್ಲಿ. ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದೊಳಗೆ, ತಾರಸಿ ಮುಗಿಯಬೇಕೆಂಬುದು ಲೆಕ್ಕ.

ಒಪ್ಪಂದದ ಪ್ರಕಾರ ಎರಡು ಭಾಗ ಕಲಸಿ ಹಚ್ಚುವ, ಪಾಲಿಮರ್ ಸೇರಿದ ಸಿಮೆಂಟ್ ಲೇಪನ. ಎರಡು ಕೋಟ್, ಮೂಲೆಗಳಿಗೆ ಫೈಬರ್ ಮೆಶ್, ಪ್ಯಾರಪೆಟ್ ಗೋಡೆಯ ಮೇಲೆ ಒಂದು ಅಡಿ ಎತ್ತರದವರೆಗೆ ಅದೇ ಲೇಪನ, ಆಮೇಲೆ 72 ಗಂಟೆ ನೀರು ನಿಲ್ಲಿಸಿ ಪರೀಕ್ಷೆ. ಹತ್ತು ವರ್ಷದ ವಾರಂಟಿ ಪತ್ರ ಕೊಡಬೇಕಾದವರು ಲೇಪನ ಹಚ್ಚುವ ತಂಡದವರು.

ಮೇ 8 ಮತ್ತು 9ರಂದು ನಾಲ್ಕು ಜನ ಬಂದು ತಾರಸಿಯ ಅರ್ಧ ಭಾಗ ಹಚ್ಚಿ, ‘ಎರಡೂ ಕೋಟ್ ಆಯಿತು’ ಎಂದು ಹೇಳಿ ಹೋದರು. 12ರ ಸೋಮವಾರ ಬರಲಿಲ್ಲ. ಇಡೀ ತಂಡವನ್ನು ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕೆಲಸಕ್ಕೆ ಕಳಿಸಿದ್ದೇನೆ, ಇನ್ನು ಮೂರು ವಾರ ಆಗುವುದಿಲ್ಲ ಎಂದು ಉಪಗುತ್ತಿಗೆದಾರ 13ರಂದು ತಿಳಿಸಿದ. ಮೂರು ವಾರ ಎಂದರೆ ಜೂನ್, ಮಳೆಯ ನಡುವೆ. ಗುತ್ತಿಗೆದಾರ ಅವತ್ತೇ ಬೇರೆಯವರನ್ನು ಹುಡುಕುವುದೆಂದು ತೀರ್ಮಾನಿಸಿದ.

ಮೊದಲ ಫೋನು

ಇಂಥ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹೊಸ ತಂಡ ಗೊತ್ತಾಗಲಿ, ಆಮೇಲೆ ಒಟ್ಟಿಗೆ ಹೇಳೋಣ ಎಂದು ಕಾಯುತ್ತಾರೆ. ಅಷ್ಟರೊಳಗೆ ಪಕ್ಕದ ಮನೆಯವರು ಫೋನು ಮಾಡಿ, ‘ನಿಮ್ಮ ತಾರಸಿ ಮೇಲೆ ನಾಲ್ಕು ದಿನದಿಂದ ಯಾರೂ ಇಲ್ಲ’ ಎಂದು ಹೇಳಿರುತ್ತಾರೆ. ಆಮೇಲೆ ಗುತ್ತಿಗೆದಾರ ಹೇಳುವ ನಿಜ ಮಾತೂ ಸಬೂಬಿನಂತೆ ಕೇಳುತ್ತದೆ.

ಎರಡು ಹಂತದಲ್ಲಿ ಹೇಳುವುದು ಸರಿ. ಕೆಲಸ ನಿಂತ ಸುದ್ದಿ ಅದೇ ದಿನ ಫೋನಿನಲ್ಲಿ. ಬದಲಿ ಯಾರು, ಹೇಗೆ ಎಂಬುದು ಒಂದೆರಡು ದಿನದಲ್ಲಿ ಬರಹದಲ್ಲಿ. ಈ ಪ್ರಕರಣದಲ್ಲಿ 13ರ ಸಂಜೆಯ ಮಾತು ಹೀಗಿತ್ತು:

“ಮೇಡಂ, ತಾರಸಿ ವಾಟರ್‌ಪ್ರೂಫಿಂಗ್ ಅರ್ಧಕ್ಕೆ ನಿಂತಿದೆ. ಮಾಡ್ತಾ ಇದ್ದವರು ಇನ್ನು ಮೂರು ವಾರ ಬರಲ್ಲ ಅಂತ ಇವತ್ತು ಹೇಳಿದ್ರು. ಮಳೆ ಬರೋವರೆಗೂ ಕಾಯೋಕಾಗಲ್ಲ, ಬೇರೆಯವರನ್ನ ಹಾಕ್ತೀನಿ. ಆಗಿರೋ ಅರ್ಧ ಸರಿಯಾಗಿದೆಯಾ ಅಂತ ನಾಳೆ ಅಳೆದು ನೋಡ್ತೀನಿ. ನಾಡಿದ್ದು ಗುರುವಾರ ಎಲ್ಲ ಬರೆದು ಕಳಿಸ್ತೀನಿ. ನೀವು ನೋಡಿ ಹೂಂ ಅನ್ನೋವರೆಗೆ ಹೊಸಬರು ಕೆಲಸ ಶುರು ಮಾಡಲ್ಲ.”

ಈ ಮಾತಿನಲ್ಲಿ ‘ಏನೂ ತೊಂದರೆ ಆಗಲ್ಲ’ ಎಂಬುದಿಲ್ಲ, ಯಾಕೆಂದರೆ ಅದು ಆಗ ಗುತ್ತಿಗೆದಾರನಿಗೇ ಗೊತ್ತಿಲ್ಲ. ಹಳಬನನ್ನು ಬೈಯುವ ಮಾತೂ ಇಲ್ಲ. ‘ಅವನು ಕೈಕೊಟ್ಟ, ಸರಿಯಿಲ್ಲದವನು’ ಎಂದರೆ ಕೇಳುವವರಿಗೆ ತಕ್ಷಣ ಹೊಳೆಯುವ ಪ್ರಶ್ನೆ ಒಂದೇ: ಅಂಥವನನ್ನು ನನ್ನ ಮನೆಗೆ ಕರೆತಂದವರು ಯಾರು?

ಹಳೆಯ ಅರ್ಧವನ್ನು ಅಳೆದದ್ದು

ಪತ್ರ ಬರೆಯುವ ಮುಂಚೆ ಆಗಬೇಕಾದ ಕೆಲಸ ಇದು. ಆಗಿರುವ ಕೆಲಸದ ಸ್ಥಿತಿ ಗೊತ್ತಿಲ್ಲದೆ ಗುಣಮಟ್ಟದ ಭರವಸೆ ಕೊಟ್ಟರೆ ಅದಕ್ಕೆ ತಳವಿರುವುದಿಲ್ಲ. 14ರ ಬೆಳಗ್ಗೆ ಗುತ್ತಿಗೆದಾರ, ಅವನ ಸೈಟ್ ಸೂಪರ್‌ವೈಸರ್ ಮತ್ತು ಹಳೆಯ ಉಪಗುತ್ತಿಗೆದಾರನ ಕಡೆಯ ಒಬ್ಬರು ತಾರಸಿಯ ಮೇಲೆ ಸೇರಿದರು. ಮೂರನೆಯವರು ಇರಲೇಬೇಕು. ಅವರಿಲ್ಲದೆ ತೆಗೆದ ಅಳತೆಯನ್ನು ಬಿಲ್ಲಿನ ಹೊತ್ತಿಗೆ ಅವರು ಒಪ್ಪುವುದಿಲ್ಲ.

ಮೊದಲು ನೋಡಿದ್ದು ಮೆಟ್ಟಿಲ ಕೆಳಗೆ ಬಿದ್ದಿದ್ದ ಖಾಲಿ ಚೀಲ ಮತ್ತು ಡಬ್ಬಗಳನ್ನು. ಪುಡಿ ಮತ್ತು ದ್ರವ ಸೇರಿ ಒಂದು ಸೆಟ್ 15 ಕೆಜಿ. ಈ ಸಾಮಗ್ರಿಗೆ ಕಂಪನಿಯ ಮಾಹಿತಿ ಹಾಳೆ ಹೇಳುವುದು ಎರಡು ಕೋಟ್ ಸೇರಿ ಚದರ ಮೀಟರಿಗೆ 1.8 ಕೆಜಿ. ಹಚ್ಚಿದ ಜಾಗ 600 ಚದರ ಅಡಿ, ಅಂದರೆ ಸುಮಾರು 56 ಚದರ ಮೀಟರ್. ಎರಡು ಕೋಟ್ ಆಗಿದ್ದರೆ 100 ಕೆಜಿ, ಅಂದರೆ ಏಳು ಸೆಟ್ ಖಾಲಿಯಾಗಿರಬೇಕು. ಸಿಕ್ಕಿದ್ದು ನಾಲ್ಕು. 60 ಕೆಜಿ ಎಂದರೆ ಒಂದು ಕೋಟ್‌ಗಿಂತ ಸ್ವಲ್ಪ ಹೆಚ್ಚು. ಎರಡನೆಯ ಕೋಟ್ ಆಗಿಲ್ಲ, ಇಲ್ಲವೇ ನೀರು ಸೇರಿಸಿ ತೆಳ್ಳಗೆ ಎಳೆದಿದ್ದಾರೆ.

ಚೀಲದ ಎಣಿಕೆಯೊಂದನ್ನೇ ನಂಬುವಂತಿಲ್ಲ, ಚೀಲಗಳನ್ನು ಯಾರಾದರೂ ಒಯ್ದಿರಬಹುದು. ಅದಕ್ಕೆ ಮೂರು ಕಡೆ, ನಡುವೆ ಒಂದು ಮತ್ತು ಅಂಚಿಗೆ ಎರಡು, ಎರಡು ಇಂಚು ಚೌಕದ ತುಂಡನ್ನು ಚಾಕುವಿನಿಂದ ಕತ್ತರಿಸಿ ಎಬ್ಬಿಸಿದರು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರೆ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಎರಡು ಕೋಟ್ ಸರಿಯಾಗಿದ್ದರೆ ಒಂದು ಮಿಲಿಮೀಟರಿನ ಹತ್ತಿರ ಇರಬೇಕಿತ್ತು. ಒಳ್ಳೆಯ ಸುದ್ದಿಯೂ ಇತ್ತು: ತುಂಡು ಸುಲಭಕ್ಕೆ ಬಿಡಲಿಲ್ಲ, ಅಡಿಯಲ್ಲಿ ಕಾಂಕ್ರೀಟಿನ ಹುಡಿ ಅಂಟಿಕೊಂಡು ಬಂತು. ಅಂದರೆ ಸ್ಲ್ಯಾಬಿಗೆ ಹಿಡಿತ ಚೆನ್ನಾಗಿದೆ, ಕೆರೆದು ತೆಗೆಯಬೇಕಿಲ್ಲ, ಇದರ ಮೇಲೆಯೇ ಹಚ್ಚಬಹುದು. ಲೇಪನ ಹಪ್ಪಳದಂತೆ ಎದ್ದು ಬಂದಿದ್ದರೆ ಪೂರ್ತಿ ಕೆರೆಯುವುದು ಬಿಟ್ಟು ದಾರಿ ಇರುತ್ತಿರಲಿಲ್ಲ.

ಅಳತೆ, ಚೀಲಗಳ ಲೆಕ್ಕ, ಮೂರು ತುಂಡಿನ ದಪ್ಪ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದರು. ಅದೇ ದಿನ ಇನ್ನೊಂದು ಕೆಲಸವೂ ಆಯಿತು. ಹಳೆಯ ತಂಡದ ನಾಲ್ಕು ಕೂಲಿಯವರಿಗೆ ಎರಡು ದಿನದ ಕೂಲಿ ಸಂದಿದೆಯೇ ಎಂದು ವಿಚಾರಿಸಿ, ಬಾಕಿ ಇದ್ದದ್ದನ್ನು ಉಪಗುತ್ತಿಗೆದಾರನ ಲೆಕ್ಕದಿಂದ ಮುರಿದುಕೊಂಡು ಕೊಟ್ಟು ಬರೆಸಿಕೊಳ್ಳಲಾಯಿತು. ಇದನ್ನು ಮರೆತರೆ ಹದಿನೈದು ದಿನ ಬಿಟ್ಟು ಕೂಲಿಯವರು ಮನೆಯವರ ಗೇಟಿನ ಮುಂದೆ ನಿಂತಿರುತ್ತಾರೆ. ದುಡಿದವರು ದುಡ್ಡು ಕೇಳುವುದು ನ್ಯಾಯವೇ, ಆದರೆ ಅದು ಮನೆಯೊಡತಿಯ ತಲೆಗೆ ಬರಬಾರದು.

ವಾರಂಟಿಯ ಗಂಟು

ಹೊಸ ತಂಡದವರನ್ನು ಕರೆದು ತೋರಿಸಿದಾಗ ಅವರು ಹೇಳಿದ್ದು ನೇರ ಮಾತು: ನಾವು ಮಾಡುವ ಅರ್ಧಕ್ಕೆ ವಾರಂಟಿ ಕೊಡುತ್ತೇವೆ, ಅವರು ಮಾಡಿದ್ದಕ್ಕೆ ಕೊಡುವುದಿಲ್ಲ. ಯಾರೇ ಆದರೂ ಹೀಗೇ ಹೇಳುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಇದನ್ನು ಹಾಗೆಯೇ ಬಿಟ್ಟರೆ ಮನೆಯೊಡತಿಯ ಕೈಗೆ ಬರುವುದು ಅರ್ಧ ತಾರಸಿಯ ವಾರಂಟಿ. ಅದಕ್ಕಿಂತ ಮುಖ್ಯವಾಗಿ, ಸೋರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವುದು ಎರಡು ಭಾಗ ಕೂಡುವ ಗೆರೆಯಲ್ಲಿ. ಆ ಗೆರೆ ಯಾರ ಪಾಲಿಗೂ ಬರುವುದಿಲ್ಲ. ನೀರು ಒಂದು ಕಡೆ ಇಳಿದು ಸ್ಲ್ಯಾಬಿನೊಳಗೆ ಹರಿದು ಇನ್ನೊಂದು ಕಡೆ ತೊಟ್ಟಿಕ್ಕುವುದರಿಂದ, ಕಲೆ ಕಂಡ ಜಾಗ ನೋಡಿ ತಪ್ಪು ಯಾರದೆಂದು ತೀರ್ಮಾನಿಸಲೂ ಆಗದು.

ಇದಕ್ಕೆ ಪರಿಹಾರ ಒಂದೇ: ಹೊಸಬರು ಇಡೀ ತಾರಸಿಗೆ ಎರಡು ಕೋಟ್ ಹಚ್ಚುವುದು, ಇಡೀ ತಾರಸಿಗೆ ಒಂದೇ ವಾರಂಟಿ ಕೊಡುವುದು. ಹಳೆಯ ಅರ್ಧದ ಮೇಲೂ ಹೊಸದಾಗಿ ಎರಡು ಕೋಟ್. ಅದೇ ಕಂಪನಿಯ ಅದೇ ಸಾಮಗ್ರಿಯಾದ್ದರಿಂದ ಒಂದರ ಮೇಲೊಂದು ಹಿಡಿಯುತ್ತದೆ. ಡಾಂಬರು ಮೂಲದ ಲೇಪನದ ಮೇಲೆ ಸಿಮೆಂಟಿನದನ್ನು ಹಚ್ಚುವಂಥ ಬೆರಕೆಯಾದರೆ ಹಿಡಿಯುವುದಿಲ್ಲ, ಆಗ ಈ ದಾರಿ ನಡೆಯದು. ನೆಲ 111 ಚದರ ಮೀಟರ್, ಪ್ಯಾರಪೆಟ್ ಸುತ್ತ ಒಂದು ಅಡಿ ಎತ್ತರಕ್ಕೆ 13 ಚದರ ಮೀಟರ್, ಒಟ್ಟು 124. ಅದಕ್ಕೆ 223 ಕೆಜಿ, ಅಂದರೆ 15 ಸೆಟ್. ಅದರಲ್ಲಿ ಏಳು ಸೆಟ್ ಹಳೆಯ ಅರ್ಧಕ್ಕೆ ಎರಡನೆಯ ಸಲ ಹೋಗುವ ಸಾಮಗ್ರಿ. ಆ ಖರ್ಚು ಗುತ್ತಿಗೆದಾರನದು.

ಅದು ಅವನದೇ ಯಾಕೆ ಎಂಬುದಕ್ಕೆ ಕಾನೂನಿನ ಆಧಾರವೂ ಇದೆ. 1872ರ ಭಾರತೀಯ ಒಪ್ಪಂದ ಕಾಯಿದೆಯ 40ನೇ ಕಲಮಿನ ಪ್ರಕಾರ, ಕೆಲಸವನ್ನು ಇಂಥವರೇ ಸ್ವತಃ ಮಾಡಬೇಕೆಂಬ ಉದ್ದೇಶ ಒಪ್ಪಂದದಲ್ಲಿ ಇಲ್ಲದಿದ್ದರೆ, ಒಪ್ಪಿಕೊಂಡವರು ಅದನ್ನು ಸಮರ್ಥರಾದ ಬೇರೆಯವರಿಂದ ಮಾಡಿಸಬಹುದು. ಆದರೆ ಮಾಡಿಸಿದ ಮಾತ್ರಕ್ಕೆ ಹೊಣೆ ಕೈಬಿಡುವುದಿಲ್ಲ. ಮನೆಯೊಡತಿಯ ಒಪ್ಪಂದ ಇರುವುದು ಗುತ್ತಿಗೆದಾರನ ಜೊತೆ. ಅವರು ಲೇಪನ ಹಚ್ಚುವವರ ಹೆಸರನ್ನೂ ತಿಳಿಯಬೇಕಿಲ್ಲ. ಕೆಲವು ಒಪ್ಪಂದಗಳಲ್ಲಿ ಉಪಗುತ್ತಿಗೆದಾರನ ಹೆಸರು ಬರೆದಿರುತ್ತದೆ, ಬದಲಿಸಲು ಮನೆಯವರ ಲಿಖಿತ ಒಪ್ಪಿಗೆ ಬೇಕೆಂದೂ ಇರುತ್ತದೆ. ಆಗ ಬರೀ ತಿಳಿಸುವ ಪತ್ರ ಸಾಲದು, ಒಪ್ಪಿಗೆ ಕೇಳುವ ಪತ್ರವೇ ಬೇಕು. ಬರೆಯುವ ಮುಂಚೆ ಒಪ್ಪಂದ ತೆಗೆದು ಆ ಸಾಲು ಇದೆಯೇ ನೋಡಿಕೊಳ್ಳಬೇಕು.

ಪತ್ರ

15ರ ಗುರುವಾರ ಹೋದ ಪತ್ರ ಒಂದು ಪುಟದ್ದು. ಜೊತೆಗೆ ಅಳತೆಯ ಹಾಳೆ, ಕಂಪನಿಯ ಮಾಹಿತಿ ಹಾಳೆ ಮತ್ತು ಆರು ಫೋಟೋ.

> ಮಾನ್ಯರೇ,
>
> ವಿಷಯ: ತಾರಸಿ ವಾಟರ್‌ಪ್ರೂಫಿಂಗ್ ತಂಡದ ಬದಲಾವಣೆ
>
> ಮೊನ್ನೆ 13ರಂದು ಫೋನಿನಲ್ಲಿ ತಿಳಿಸಿದಂತೆ, ತಾರಸಿಯ ಕೆಲಸ ಮಾಡುತ್ತಿದ್ದ ತಂಡದವರು ಬೇರೆ ಕೆಲಸಕ್ಕೆ ಹೋಗಿರುವುದರಿಂದ ಮುಂದುವರಿಸಲು ಆಗುತ್ತಿಲ್ಲ. ಮೇ 19ರಿಂದ ಹೊಸ ತಂಡ ಈ ಕೆಲಸ ಮಾಡುತ್ತದೆ. ಅವರು ಇದೇ ಸಾಮಗ್ರಿ ಹಚ್ಚಿರುವ, ಒಂದು ಮಳೆಗಾಲ ಕಳೆದಿರುವ ಎರಡು ಮನೆಗಳ ವಿಳಾಸ ಕೊಟ್ಟಿದ್ದಾರೆ. ಮನೆಯವರ ಒಪ್ಪಿಗೆ ಪಡೆದಿದ್ದೇವೆ, ನೀವು ಹೋಗಿ ನೋಡಬಹುದು.
>
> ಈಗಾಗಲೇ ಹಚ್ಚಿರುವ 600 ಚದರ ಅಡಿಯನ್ನು 14ರಂದು ಪರೀಕ್ಷಿಸಿದೆವು. ಸ್ಲ್ಯಾಬಿಗೆ ಹಿಡಿತ ಚೆನ್ನಾಗಿದೆ, ಆದರೆ ದಪ್ಪ ಇರಬೇಕಾದದ್ದರ ಅರ್ಧದಷ್ಟಿದೆ. ಹಾಗಾಗಿ ಆ ಭಾಗವೂ ಸೇರಿ ಇಡೀ ತಾರಸಿಗೆ ಹೊಸದಾಗಿ ಎರಡು ಕೋಟ್ ಹಚ್ಚುತ್ತೇವೆ. ಇದಕ್ಕೆ ನಿಮ್ಮಿಂದ ಹೆಚ್ಚಿನ ಹಣ ಇಲ್ಲ.
>
> ಸಾಮಗ್ರಿ, ದರ, ಹತ್ತು ವರ್ಷದ ವಾರಂಟಿ ಯಾವುದೂ ಬದಲಾಗುವುದಿಲ್ಲ. ವಾರಂಟಿ ಪ್ಯಾರಪೆಟ್ ಸೇರಿ ಇಡೀ ತಾರಸಿಗೆ, ಹೊಸ ತಂಡದ ಹೆಸರಿನಲ್ಲಿ ಬರುತ್ತದೆ. ಅವರು ಸ್ಪಂದಿಸದಿದ್ದರೆ ದುರಸ್ತಿ ಮಾಡಿಕೊಡುವ ಹೊಣೆ ನಮ್ಮದು. ಮೊದಲಿನಿಂದ ಇರುವ ಸೂಪರ್‌ವೈಸರೇ ಮುಂದುವರಿಯುತ್ತಾರೆ.
>
> ತಾರಸಿಯ ಕೆಲಸ ಏಳು ದಿನ ತಡವಾಗುತ್ತದೆ. ನೀರು ನಿಲ್ಲಿಸುವ ಪರೀಕ್ಷೆ ಮೇ 19ರ ಬದಲು 26ಕ್ಕೆ ಶುರುವಾಗುತ್ತದೆ. ಒಳಗಿನ ಕೆಲಸ ಎಂದಿನಂತೆ ನಡೆಯುತ್ತಿದೆ, ಗೃಹಪ್ರವೇಶದ ದಿನಕ್ಕೆ ಇದರಿಂದ ತೊಂದರೆ ಇಲ್ಲ. ಮಳೆ ಬಂದರೆ ಪರೀಕ್ಷೆಯ ದಿನ ಮುಂದೆ ಹೋಗಬಹುದು, ಹೋದರೆ ಅವತ್ತೇ ತಿಳಿಸುತ್ತೇವೆ.
>
> ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ತಾರಸಿಯ ಕಂತಿನ ಹಣ ಕೇಳುವುದಿಲ್ಲ. ಈ ಶನಿವಾರ ಬಂದು ನೋಡಿ, ಪ್ರಶ್ನೆಗಳಿದ್ದರೆ ಹೊಸ ತಂಡದವರನ್ನೇ ಕೇಳಬಹುದು. ನಿಮ್ಮ ಒಪ್ಪಿಗೆ ಬಂದ ಮೇಲೆ ಕೆಲಸ ಶುರು.

ದಪ್ಪ ಅರ್ಧದಷ್ಟಿದೆ ಎಂಬ ಸಾಲನ್ನು ಬರೆಯಲು ಹಿಂಜರಿಯುವವರೇ ಹೆಚ್ಚು. ಹೇಗೂ ಮತ್ತೆ ಹಚ್ಚುತ್ತೇವಲ್ಲ, ಹೇಳಿ ಯಾಕೆ ಹೆದರಿಸಬೇಕು ಎಂಬ ಯೋಚನೆ. ಆದರೆ ಆ ಸಾಲಿಲ್ಲದಿದ್ದರೆ ಇಡೀ ತಾರಸಿಗೆ ಮತ್ತೆ ಹಚ್ಚುವುದಕ್ಕೆ ಕಾರಣವೇ ಕಾಣುವುದಿಲ್ಲ. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ. ಈ ಪತ್ರದಲ್ಲಿ ಅತಿ ಹೆಚ್ಚು ಧೈರ್ಯ ಕೊಡುವ ಸಾಲು ಅದೇ.

‘ಇನ್ನೂ ಅನುಭವಿ ತಂಡ’, ‘ಮೊದಲಿಗಿಂತ ಉತ್ತಮ ಗುಣಮಟ್ಟ’ ಎಂಬ ಮಾತುಗಳೂ ಪತ್ರದಲ್ಲಿಲ್ಲ. ಮೊದಲಿಗಿಂತ ಉತ್ತಮ ಎಂದರೆ ಮೊದಲು ಕೊಟ್ಟದ್ದು ಕಡಿಮೆಯದು ಎಂದಾಗುತ್ತದೆ. ಆ ಜಾಗದಲ್ಲಿ ಎರಡು ವಿಳಾಸ ಇದೆ. ಹೋಗಿ ನೋಡುವುದು ಬಿಡುವುದು ಮನೆಯೊಡತಿಗೆ ಸೇರಿದ್ದು.

ಮರುಪ್ರಶ್ನೆಗಳು

16ರಂದು ಮೂರು ಪ್ರಶ್ನೆ ಬಂದವು. ಹಳಬರಿಗೆ ಕೊಟ್ಟ ಮುಂಗಡ ನನ್ನ ಲೆಕ್ಕಕ್ಕೆ ಬರುತ್ತದೆಯೇ? ಇಲ್ಲ, ಅದು ಗುತ್ತಿಗೆದಾರ ಮತ್ತು ಅವರ ನಡುವಿನದು. ಹೊಸಬರೂ ಅರ್ಧಕ್ಕೆ ಬಿಟ್ಟರೆ? ಕೆಲಸ ಮೂರೇ ದಿನದ್ದು, 15 ಸೆಟ್ ಸಾಮಗ್ರಿಯನ್ನು ಗುತ್ತಿಗೆದಾರನೇ ಕೊಂಡು ಸೈಟಿನಲ್ಲಿ ಇಟ್ಟಿರುತ್ತಾನೆ, ತಂಡ ಬಿಟ್ಟರೂ ಸಾಮಗ್ರಿ ಇಲ್ಲೇ ಇರುತ್ತದೆ. ಮೂರನೆಯದು ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: ಈ ಸಲ ಎರಡು ಕೋಟ್ ಹಾಕಿದರೆಂದು ನನಗೆ ಹೇಗೆ ಗೊತ್ತಾಗಬೇಕು?

ಅದಕ್ಕೆ ಕೊಟ್ಟ ಉತ್ತರ ಹಾಸನದಲ್ಲಿ ಕುಳಿತೇ ನೋಡಬಹುದಾದದ್ದು. ಪ್ರತಿ ಸೆಟ್ ಒಡೆಯುವಾಗ ಡಬ್ಬದ ಮೇಲೆ ಮಾರ್ಕರಿನಲ್ಲಿ 1ರಿಂದ 15ರವರೆಗೆ ಸಂಖ್ಯೆ ಬರೆದು ಫೋಟೋ. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬ್ರಷ್ಷಿನ ಗೆರೆಗಳು ಒಂದನ್ನೊಂದು ಕತ್ತರಿಸಿದಂತೆ ಕಾಣುವ ಹತ್ತಿರದ ಫೋಟೋ ಬಂದರೆ ಎರಡು ಕೋಟ್ ಆಗಿದೆ ಎಂದರ್ಥ. ಗೆರೆ ಒಂದೇ ದಿಕ್ಕಿಗಿದ್ದರೆ ಕೇಳಬೇಕು. ಖಾಲಿ ಡಬ್ಬಗಳನ್ನು ಪರೀಕ್ಷೆ ಮುಗಿಯುವವರೆಗೆ ಎಸೆಯುವುದಿಲ್ಲ.

17ರಂದು ಅವರು ಬಂದರು, ಕತ್ತರಿಸಿದ ಮೂರು ತುಂಡನ್ನು ಕೈಯಲ್ಲಿ ಹಿಡಿದು ನೋಡಿದರು, ಹೊಸ ತಂಡದ ಮೇಸ್ತ್ರಿಯ ಜೊತೆ ಮಾತಾಡಿ ಒಪ್ಪಿಗೆಗೆ ಸಹಿ ಹಾಕಿದರು.

ಪರೀಕ್ಷೆ ಮತ್ತು ಎರಡನೆಯ ಫೋನು

19ರಂದು ತೊಳೆದು, ಕತ್ತರಿಸಿದ ಜಾಗ ತುಂಬಿ, ಗೋಡೆಯ ಬುಡದ ಮೂಲೆಗಳನ್ನು ಗಾರೆಯಿಂದ ಗುಂಡಗೆ ಮಾಡಲಾಯಿತು. 20ಕ್ಕೆ ಮೆಶ್ ಮತ್ತು ಮೊದಲ ಕೋಟ್, 21ಕ್ಕೆ ಎರಡನೆಯದು. ಐದು ದಿನ ಒಣಗಲು ಬಿಟ್ಟು, 26ರ ಬೆಳಗ್ಗೆ ಹತ್ತಕ್ಕೆ ಎರಡು ಇಂಚು ನೀರು ನಿಲ್ಲಿಸಿದರು. ಅಷ್ಟು ನೀರಿನ ಭಾರ ಚದರ ಮೀಟರಿಗೆ 50 ಕೆಜಿ. ಜನ ಓಡಾಡುವ ತಾರಸಿಯನ್ನು 150 ಕೆಜಿ ಹೊರುವಂತೆ ಲೆಕ್ಕ ಹಾಕಿರುವುದರಿಂದ ಸ್ಲ್ಯಾಬಿಗೆ ಭಯವಿಲ್ಲ. ಪಕ್ಕದಲ್ಲಿ ನೇರ ಅಂಚಿನ ಒಂದು ಬಕೆಟ್ಟಿನಲ್ಲೂ ಎರಡೇ ಇಂಚು ನೀರು ಇಟ್ಟರು. ಬಿಸಿಲಿಗೆ ಆರುವ ನೀರು ಎರಡೂ ಕಡೆ ಒಂದೇ ಸಮ ಇಳಿಯುತ್ತದೆ. ತಾರಸಿಯ ನೀರು ಬಕೆಟ್ಟಿಗಿಂತ ಹೆಚ್ಚು ಇಳಿದರೆ ಅದು ಬೇರೆ ಎಲ್ಲೋ ಹೋಗುತ್ತಿದೆ. ಮಳೆ ಬಿದ್ದರೂ ಈ ಹೋಲಿಕೆ ಕೆಡುವುದಿಲ್ಲ.

27ರ ಸಂಜೆ ನಾಲ್ಕಕ್ಕೆ, ಮೂವತ್ತು ಗಂಟೆಯಾದಾಗ, ಅಡುಗೆಮನೆಯ ಸೀಲಿಂಗ್ ಮೂಲೆಯಲ್ಲಿ ಅಂಗೈಯಗಲ ತೇವ ಕಂಡಿತು. ಮೇಲೆ ನೋಡಿದರೆ ಮಳೆನೀರು ಇಳಿಯುವ ಪೈಪಿನ ಬಾಯಿ. ಪೈಪು ಮತ್ತು ಕಾಂಕ್ರೀಟಿನ ನಡುವಿನ ಸಂದಿಯನ್ನು ಸರಿಯಾಗಿ ತುಂಬದೆ ಮೇಲೆ ಲೇಪನ ಹಚ್ಚಿದ್ದರು. ಪಿವಿಸಿ ಪೈಪು ನುಣುಪು, ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ, ಲೇಪನ ಅಲ್ಲಿ ಕೂದಲೆಳೆಯಷ್ಟು ಬಿಟ್ಟಿತ್ತು. ಈ ಜಾಗ ಹಳಬರು ಮುಟ್ಟಿರಲಿಲ್ಲ, ಪೂರ್ತಿ ಹೊಸಬರ ಕೆಲಸ.

ಅರ್ಧ ಗಂಟೆಯೊಳಗೆ ಗುತ್ತಿಗೆದಾರ ತೇವದ ಫೋಟೋ ಕಳಿಸಿಯೇ ಫೋನು ಮಾಡಿದ: “ಮೇಡಂ, ಪೈಪಿನ ಹತ್ತಿರ ಒಂದು ಕಡೆ ಸೋರ್ತಾ ಇದೆ, ಬೇರೆಲ್ಲೂ ಇಲ್ಲ. ನಾಳೆ ನೀರು ಬಿಟ್ಟು ಆ ಜಾಗ ಒಡೆದು ಸರಿ ಮಾಡಿಸ್ತೀನಿ. ಆಮೇಲೆ ಇಡೀ ತಾರಸಿಗೆ ಮತ್ತೆ 72 ಗಂಟೆ ನೀರು. ಮುಂಚೆ ಹೇಳಿದ್ದಕ್ಕಿಂತ ಇನ್ನು ಎಂಟು ದಿನ ತಡ ಆಗತ್ತೆ.”

ಪೈಪಿನ ಸುತ್ತ ಎರಡು ಇಂಚು ಅಗಲ ಕೆತ್ತಿ, ಒಣಗಿದಾಗ ಕುಗ್ಗದ ಗ್ರೌಟ್ ತುಂಬಿ, ಪೈಪಿನ ಹೊರಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ, ಮೆಶ್ ಸುತ್ತಿ 28 ಮತ್ತು 29ರಂದು ಎರಡು ಕೋಟ್ ಹಚ್ಚಿದರು. ಅಷ್ಟರಲ್ಲಿ ಮಳೆ ಹನಿಯತೊಡಗಿತ್ತು, ಹಸಿ ಲೇಪನದ ಮೇಲೆ ಟಾರ್ಪಾಲು ಕಟ್ಟಬೇಕಾಯಿತು. ಜೂನ್ 3ಕ್ಕೆ ಮತ್ತೆ ನೀರು ತುಂಬಿದರು. 6ಕ್ಕೆ 72 ಗಂಟೆ ಮುಗಿದಾಗ ಸೀಲಿಂಗ್ ಒಣಗಿತ್ತು, ತಾರಸಿಯ ನೀರೂ ಬಕೆಟ್ಟಿನ ನೀರೂ ಒಂದೇ ಮಟ್ಟದಲ್ಲಿದ್ದವು.

ಮನೆಯೊಡತಿಗೆ ಕೊನೆಗೆ ಹೋದ ಲಕೋಟೆಯಲ್ಲಿ ಮೂರು ಹಾಳೆ ಇದ್ದವು. ಒಂದು, ಎರಡೂ ಪರೀಕ್ಷೆಯ ದಿನಾಂಕ, ನೀರಿನ ಮಟ್ಟ ಮತ್ತು ಸೋರಿದ ಜಾಗವನ್ನು ಬರೆದು ಸಹಿ ಹಾಕಿದ ವರದಿ. ಇನ್ನೊಂದು, ಪ್ಯಾರಪೆಟ್ಟಿನ ಒಂದು ಅಡಿ ಮತ್ತು ಪೈಪಿನ ಬಾಯಿಗಳನ್ನು ಹೆಸರಿಸಿ ಬರೆದ ಇಡೀ ತಾರಸಿಯ ವಾರಂಟಿ. ಮೂರನೆಯದು, ಅದಕ್ಕೆ ಗುತ್ತಿಗೆದಾರನ ಹೊಣೆಪತ್ರ. ತಾರಸಿಯ ಕಂತು ಅದರ ಮರುದಿನ ಬಂತು. ಹಾಸು ಹಾಕುವ ಕೆಲಸ ಜೂನ್ 9ಕ್ಕೆ ಶುರುವಾಯಿತು.